ಮೂರು ಬೆಲೆಗೆ ಕೊಂಡ ಷೇರು ಮಾರಿದಾಗ ಲಾಭದ ಲೆಕ್ಕ ಹೇಗೆ?

ಪ್ರಶ್ನೆ: "ಬದಿಯಡ್ಕದಿಂದ ಕೇಳುತ್ತಿದ್ದೇನೆ. ಒಂದೇ ಕಂಪೆನಿಯ ಷೇರನ್ನು ಒಂದೇ ಡಿಮ್ಯಾಟ್ ಖಾತೆಯಲ್ಲಿ ಮೂರು ಸಲ ಕೊಂಡಿದ್ದೇನೆ: 2024 ಜೂನ್ 10ರಂದು 200 ರೂಪಾಯಿಯಂತೆ 100, 2025 ಫೆಬ್ರವರಿ 5ರಂದು 260ರಂತೆ 50, 2025 ಸೆಪ್ಟೆಂಬರ್ 19ರಂದು 340ರಂತೆ 80. 2026 ಜನವರಿ 13ರಂದು 400ರಂತೆ 180 ಮಾರಿದೆ. ಆ್ಯಪ್ ತೋರಿಸುವ ಸರಾಸರಿ ಬೆಲೆಯನ್ನು ಕಳೆದರೆ ಸಾಕೇ?"

ಸಾಲದು. ನೀವು ಹೇಳಿದ ಖರೀದಿಗಳ ಸರಾಸರಿ ಸುಮಾರು 261 ರೂಪಾಯಿ 74 ಪೈಸೆ ಆಗುತ್ತದೆ. ಅದು ನಿಮ್ಮ ಹೂಡಿಕೆ ಹೇಗಿದೆಯೆಂದು ನೋಡಿಕೊಳ್ಳಲು ಒದಗುವ ಅಂಕಿ ಮಾತ್ರ, ಆದಾಯ ತೆರಿಗೆಗೆ ಅದರ ಗೊಡವೆಯಿಲ್ಲ. ಡಿಮ್ಯಾಟ್ ಖಾತೆಯಲ್ಲಿರುವ ಷೇರುಗಳಿಗೆ 1961ರ ಕಾಯ್ದೆಯ 45(2A) ಕಲಮಿನ ಪ್ರಕಾರ ಮೊದಲು ಬಂದದ್ದೇ ಮೊದಲು ಹೋಯಿತೆಂದು ಎಣಿಸಬೇಕು. ನಮ್ಮ ಅಡಿಕೆ ಬೆಳೆಗಾರರು ಹಳೆ ಅಡಿಕೆಯನ್ನು ಅಟ್ಟದಲ್ಲೇ ಉಳಿಸಿಕೊಂಡು ಹೊಸ ಅಡಿಕೆಯ ಗೋಣಿಯನ್ನಷ್ಟೇ ಅಂಗಡಿಗೆ ಒಯ್ಯಬಹುದು, ಆದರೆ ಡಿಮ್ಯಾಟ್ ಖಾತೆಯಲ್ಲಿ ಹಾಗೆ ಆರಿಸಿಕೊಳ್ಳುವ ಅವಕಾಶವಿಲ್ಲ.

ಹಾಗಾಗಿ ನೀವು ಮಾರಿದ 180ರಲ್ಲಿ ಮೊದಲು ಹೋದದ್ದು ಜೂನ್ ತಿಂಗಳ 100 ಷೇರು. ಅವು ನಿಮ್ಮಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದುದರಿಂದ, ಷೇರಿಗೆ 200ರಂತೆ ಬಂದ 20,000 ರೂಪಾಯಿ ದೀರ್ಘಾವಧಿ ಲಾಭ. ಅದರ ನಂತರ ಫೆಬ್ರವರಿಯ 50 ಷೇರು ಹೋದವು. ಅವಕ್ಕೆ ಹನ್ನೆರಡು ತಿಂಗಳು ತುಂಬಲು ಇನ್ನೂ ಮೂರು ವಾರದಷ್ಟು ಬಾಕಿಯಿತ್ತು, ಆದ್ದರಿಂದ ಅಲ್ಲಿನ 7,000 ರೂಪಾಯಿ ಅಲ್ಪಾವಧಿಗೆ ಸೇರಿತು. ಉಳಿದ 30 ಷೇರು ಸೆಪ್ಟೆಂಬರಿನ 80ರಿಂದ ಬಂದವು, ಷೇರಿಗೆ 60ರಂತೆ 1,800 ರೂಪಾಯಿ, ಅದೂ ಅಲ್ಪಾವಧಿಯೇ. ಒಟ್ಟಿನಲ್ಲಿ ದೀರ್ಘಾವಧಿ 20,000, ಅಲ್ಪಾವಧಿ 8,800. ಸರಾಸರಿಯನ್ನು ಹಿಡಿದು ಲೆಕ್ಕ ಹಾಕಿದ್ದರೆ ಲಾಭ ಸುಮಾರು 24,887 ಎಂದು ಬರುತ್ತಿತ್ತು. ಮೊತ್ತವೂ ಕಡಿಮೆಯಾಗುತ್ತಿತ್ತು, ಅದನ್ನು ಎರಡು ಅವಧಿಗಳಿಗೆ ಹಂಚುವ ದಾರಿಯೂ ಇರುತ್ತಿರಲಿಲ್ಲ. ಈಗ ನಿಮ್ಮ ಖಾತೆಯಲ್ಲಿರುವುದು 340ರ ಬೆಲೆಯ 50 ಷೇರು, ಮುಂದಿನ ಮಾರಾಟದ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು.

ಷೇರು ವಿನಿಮಯ ಕೇಂದ್ರದ ಮೂಲಕ, ಸೆಕ್ಯುರಿಟೀಸ್ ವಹಿವಾಟು ತೆರಿಗೆ ಕೊಟ್ಟು ಮಾರಿದ ಷೇರುಗಳಿಗೆ 2024 ಜುಲೈ 23ರಿಂದ ಅಲ್ಪಾವಧಿ ಲಾಭದ ದರ ಶೇಕಡಾ 20. ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ ಒಟ್ಟು 1,25,000 ರೂಪಾಯಿವರೆಗೆ ತೆರಿಗೆಯಿಲ್ಲ, ಅದನ್ನು ಮೀರಿದ ಭಾಗಕ್ಕೆ ಶೇಕಡಾ 12.5. ನಿಮಗೆ ಆ ವರ್ಷ ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ ಆ 20,000ಕ್ಕೆ ಏನೂ ಕಟ್ಟಬೇಕಾಗಿಲ್ಲ. 8,800ಕ್ಕೆ 1,760 ರೂಪಾಯಿ, ಅದರ ಮೇಲೆ ಸೆಸ್. ಫೆಬ್ರವರಿಯ 50 ಷೇರುಗಳನ್ನು 2026 ಫೆಬ್ರವರಿ 6ರವರೆಗೆ ಇಟ್ಟುಕೊಂಡು ಅದೇ ಬೆಲೆಗೆ ಮಾರಿದ್ದರೆ ಅವುಗಳ 7,000ಕ್ಕೂ ತೆರಿಗೆ ಬರುತ್ತಿರಲಿಲ್ಲ; ಮಾರುವ ಮುನ್ನ ಖರೀದಿಯ ತಾರೀಖುಗಳನ್ನು ಸಾಲಾಗಿ ಬರೆದು ನೋಡಬೇಕೆಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ. ಬ್ರೋಕರೇಜನ್ನು ಕೊಂಡ ಬೆಲೆಗೆ ಸೇರಿಸಬಹುದು, ಮಾರಿದ ಬೆಲೆಯಿಂದ ಕಳೆಯಬಹುದು. ಆದರೆ ವಹಿವಾಟು ತೆರಿಗೆಯನ್ನು ಕಳೆಯುವಂತಿಲ್ಲ.

ಈ ಸರದಿಯನ್ನು ಪ್ರತಿಯೊಂದು ಡಿಮ್ಯಾಟ್ ಖಾತೆಗೂ ಬೇರೆ ಬೇರೆಯಾಗಿ ನೋಡಬೇಕು. ಕೇಂದ್ರ ನೇರ ತೆರಿಗೆ ಮಂಡಳಿ 1998ರ 768ನೇ ಸುತ್ತೋಲೆಯಲ್ಲೇ ಇದನ್ನು ತಿಳಿಸಿದೆ. ನೀವು ಸೆಪ್ಟೆಂಬರಿನ 80 ಷೇರುಗಳನ್ನು ಇನ್ನೊಂದು ಖಾತೆಯಲ್ಲಿ ಕೊಂಡಿದ್ದರೆ, ಹಳೆಯವನ್ನು ಮುಟ್ಟದೆ ಅವನ್ನಷ್ಟೇ ಮಾರಬಹುದಿತ್ತು.

ಕೊನೆಗೆ ನನಗೇ ಆದ ಒಂದು ತೊಂದರೆಯನ್ನು ಹೇಳಬೇಕು, ಏಕೆಂದರೆ ಖಾತೆ ಬದಲಿಸಿದವರಿಗೆ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕೆಲವು ವರ್ಷಗಳ ಹಿಂದೆ ಕಾಸರಗೋಡಿನಲ್ಲಿದ್ದ ಬ್ರೋಕರನ್ನು ಬಿಟ್ಟು ಬೇರೊಬ್ಬರಲ್ಲಿ ಖಾತೆ ತೆರೆದು ಷೇರುಗಳನ್ನು ಅಲ್ಲಿಗೆ ವರ್ಗಾಯಿಸಿದೆ. ಮರುವರ್ಷ ಅವರು ಕಳುಹಿಸಿದ ಲಾಭ-ನಷ್ಟದ ಪಟ್ಟಿಯಲ್ಲಿ, ನಾಲ್ಕು ವರ್ಷ ಹಳೆಯ ಷೇರುಗಳ ಎದುರು ವರ್ಗಾವಣೆಯ ದಿನವೇ ಖರೀದಿಯ ದಿನವೆಂದೂ, ಅಂದಿನ ಮಾರುಕಟ್ಟೆ ಬೆಲೆಯೇ ಕೊಂಡ ಬೆಲೆಯೆಂದೂ ಇತ್ತು. ದೀರ್ಘಾವಧಿ ಲಾಭವೆಲ್ಲ ಅಲ್ಪಾವಧಿಯ ಕಂಬಸಾಲಿನಲ್ಲಿ ಕುಳಿತಿತ್ತು. ಸ್ವಂತ ಖಾತೆಯಿಂದ ಸ್ವಂತ ಖಾತೆಗೆ ವರ್ಗಾಯಿಸುವುದು ಮಾರಾಟವಲ್ಲ, ಹಾಗಾಗಿ ಮೂಲ ತಾರೀಖೂ ಮೂಲ ಬೆಲೆಯೂ ಹಾಗೆಯೇ ಮುಂದುವರಿಯುತ್ತವೆ. ಹಳೆಯ ಬ್ರೋಕರಿನ ಕಾಂಟ್ರಾಕ್ಟ್ ನೋಟುಗಳನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದು, ಒಂದೊಂದು ಸಾಲನ್ನೂ ತಿದ್ದಿದ ಮೇಲೆಯೇ ನಾನು ರಿಟರ್ನ್ ಸಲ್ಲಿಸಿದೆ. ನಿಮ್ಮ ಪಟ್ಟಿಯಲ್ಲಿ ಹಲವು ಕಂಪೆನಿಗಳ ಷೇರುಗಳಿಗೆ ಒಂದೇ ಖರೀದಿ ದಿನಾಂಕ ಕಂಡರೆ, ಅಥವಾ ಕೊಂಡ ಬೆಲೆಯ ಜಾಗದಲ್ಲಿ ಸೊನ್ನೆ ಕಂಡರೆ, ಆ ಪಟ್ಟಿಯನ್ನು ಹಾಗೆಯೇ ರಿಟರ್ನಿಗೆ ಇಳಿಸಬೇಡಿ. ಬೋನಸ್ ಷೇರಿನ ಎದುರು ಮಾತ್ರ ಸೊನ್ನೆ ಸರಿಯಾಗಿರಬಹುದು, ಅದರ ಅವಧಿಯನ್ನು ಬೋನಸ್ ಹಂಚಿಕೆಯಾದ ದಿನದಿಂದ ಎಣಿಸಬೇಕು.