ಮೂಗು ಕಟ್ಟಿದ ಮಗು ಹಾಲು ಬಿಟ್ಟು ಬಿಟ್ಟು ಅಳುವಾಗ

“ಮಗಳಿಗೆ ಎರಡೂವರೆ ತಿಂಗಳು. ಮೂರು ದಿನದಿಂದ ಶೀತ. ಎರಡು ಗುಟುಕು ಕುಡಿದು ಮೊಲೆ ಬಿಟ್ಟು ಅಳುತ್ತಾಳೆ. ಅತ್ತೆ ಮೂಗಿಗೆ ತೆಂಗಿನೆಣ್ಣೆ ಬಿಡು ಅಂತಾರೆ. ಮೆಡಿಕಲ್‌ನಲ್ಲಿ ಮೂಗು ಎಳೆಯುವ ರಬ್ಬರ್ ಉಂಡೆ ಕೊಟ್ಟರು, ಹಾಕಲು ಹೆದರಿಕೆ. ಕಂಕುಳಲ್ಲಿ 99.2 ಇದೆ. ಎಷ್ಟಾದರೆ ಆಸ್ಪತ್ರೆಗೆ ಹೋಗಬೇಕು?”
— ಒಬ್ಬ ತಾಯಿ, ಬದಿಯಡ್ಕ

ಆಕೆಗೆ ಹಸಿವಿಲ್ಲ ಅಂತಲ್ಲ. ಈ ವಯಸ್ಸಿನ ಮಕ್ಕಳು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುತ್ತವೆ. ಮೂಗು ಕಟ್ಟಿದರೆ ಬಾಯಲ್ಲಿ ಹಾಲು ಇಟ್ಟುಕೊಂಡು ಉಸಿರೆಳೆಯಲು ಆಗುವುದಿಲ್ಲ, ಅದಕ್ಕೇ ಬಿಡುತ್ತಾಳೆ. ಹಾಗಾಗಿ ಹಾಲಿಗಿಂತ ಮೊದಲು ಮೂಗು.

ಎಣ್ಣೆ ಮಾತ್ರ ಬೇಡ. ಅದು ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಬರಬಹುದು. ಕರ್ಪೂರ ಇರುವ ಬಾಮ್‌ ಕೂಡ ಬೇಡ. ಮೆಡಿಕಲ್‌ನಲ್ಲಿ ಮಕ್ಕಳ ಸಲೈನ್ ಡ್ರಾಪ್ಸ್ ಕೇಳಿ, ಬರೀ ಉಪ್ಪುನೀರು, ಔಷಧ ಬೆರೆಸಿರಬಾರದು. ಹಾಲು ಕೊಡುವ ಕಾಲು ಗಂಟೆ ಮೊದಲು ಮಗುವನ್ನು ಅಂಗಾತ ಮಲಗಿಸಿ, ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಬಿಟ್ಟು, ಒಂದು ನಿಮಿಷ ಸುಮ್ನೆ ಬಿಡಿ, ಗಟ್ಟಿ ಸಿಂಬಳ ನೆನೆಯಲಿ. ಆಮೇಲೆ ಉಂಡೆಯನ್ನು ಹೊರಗೇ ಅದುಮಿ, ಅದುಮಿ ಹಿಡಿದಂತೆಯೇ ಅದರ ತುದಿಯನ್ನು ಹೊಳ್ಳೆಯ ಬಾಯಿಗೆ ತಾಗಿಸಿ, ಮೆಲ್ಲನೆ ಬಿಡಿ. ಒಳಗೆ ಇಟ್ಟು ಅದುಮಿದರೆ ಸಿಂಬಳ ಇನ್ನೂ ಮೇಲೆ ಹೋಗುತ್ತದೆ, ಎಲ್ಲರೂ ಎಡವುವುದು ಇಲ್ಲೇ. ದಿನಕ್ಕೆ ಮೂರು ನಾಲ್ಕು ಸಲ ಸಾಕು, ಜಾಸ್ತಿ ಎಳೆದರೆ ಒಳಗಿನ ಚರ್ಮ ಊದಿ ಮತ್ತೆ ಕಟ್ಟುತ್ತದೆ, ರಕ್ತವೂ ಬರಬಹುದು. ಹಾಲು ಕುಡಿದ ಮೇಲೆ ಮಾಡಿದರೆ ವಾಂತಿ. ಪ್ರತಿ ಸಲ ಉಂಡೆಯೊಳಗೆ ಸಾಬೂನು ನೀರು ಎಳೆದು ತೊಳೆದು ಒಣಗಿಸಿ, ನಮ್ಮ ಮಳೆಗಾಲದಲ್ಲಿ ಒಳಗೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು!

ಹಾಲು ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಿ, ಮಗುವನ್ನು ಸ್ವಲ್ಪ ನೆಟ್ಟಗೆ ಹಿಡಿದು. ನೀರು, ಜೇನು ಬೇಡ. ಮೂತ್ರ ಗಮನಿಸಿ: ಆರೆಂಟು ಗಂಟೆ ಬಟ್ಟೆ ಒದ್ದೆಯಾಗದಿದ್ದರೆ, ಅಥವಾ ಯಾವತ್ತಿನ ಅರ್ಧದಷ್ಟೂ ಕುಡಿಯದಿದ್ದರೆ ಡಾಕ್ಟರರ ಹತ್ತಿರ ಹೋಗಿ.

99.2 ಜ್ವರ ಅಲ್ಲ. ಟೊಪ್ಪಿ, ಕಂಬಳಿ ತೆಗೆದು ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಕಂಕುಳಲ್ಲಿ ಅಳೆದರೆ ಒಳಗಿನ ಬಿಸಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದಕ್ಕೆ 99.5 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. 100.4 ಮುಟ್ಟಿದರೆ ಮಗು ನಗುತ್ತಿದ್ದರೂ ಅವತ್ತೇ, ರಾತ್ರಿಯಾದರೂ, ಆಸ್ಪತ್ರೆಗೆ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬರೀ ಶೀತದ್ದೇ ಅಂತ ಮನೆಯಲ್ಲಿ ಹೇಳಲಾಗುವುದಿಲ್ಲ, ರಕ್ತದ ಅಥವಾ ಮೂತ್ರದ ಸೋಂಕೂ ಇರಬಹುದು. ಡಾಕ್ಟರರನ್ನು ಕೇಳದೆ ಪ್ಯಾರಾಸಿಟಮಾಲ್ ಹಾಕಿದರೆ ಆ ಸುಳಿವೇ ಮುಚ್ಚಿಹೋಗುತ್ತದೆ. ಮೂರು ತಿಂಗಳು ತುಂಬಿ ಆರರವರೆಗೆ ಇದೇ ಗೆರೆ 102.2.

ಅತ್ತೆಯವರಿಗೂ ಒಂದು ಕೆಲಸ ಕೊಡಿ. ಮಗು ಮಲಗಿದ್ದಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಲಿ. 50 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಪಕ್ಕೆಲುಬಿನ ಕೆಳಗೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ಜ್ವರ ಇಲ್ಲದಿದ್ದರೂ ಹೊರಡಿ. ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ.

— ಸಂ.