ನೀರಿನ ಖರ್ಚು ಹಂಚುವ ಲೆಕ್ಕ

ವಿಜಯಪುರದಲ್ಲಿ ನಮ್ಮದು 10 ಮನೆಗಳ ಅಪಾರ್ಟ್‌ಮೆಂಟ್. ನಳಕ್ಕೆ ಒಂದೇ ಮೀಟರ್, ಜೊತೆಗೆ ಟ್ಯಾಂಕರ್, ಬೋರ್‌ವೆಲ್ ಖರ್ಚು. ಹೇಗೆ ಹಂಚಬೇಕು?

ನೀರಿನ ಖರ್ಚು ತಲೆ ಲೆಕ್ಕದಲ್ಲಿ ಹಂಚಿ, ರಿಪೇರಿ ಖರ್ಚು ಮನೆ ಲೆಕ್ಕದಲ್ಲಿ. ನಳದ ಬಿಲ್ ₹1,500, ಟ್ಯಾಂಕರ್ ₹4,200, ಬೋರ್‌ವೆಲ್ ಕರೆಂಟ್ ₹1,800 ಅಂತ ಇಟ್ಟುಕೊಳ್ಳಿ. ಒಟ್ಟು ₹7,500. 30 ಜನರಿದ್ದರೆ ತಲೆಗೆ ₹250. ಬೀಗ ಹಾಕಿದ ಮನೆಗೆ ಇದು ಬೇಡ. ಆದರೆ ಮೋಟರ್ ಸುಟ್ಟು ₹8,000 ಖರ್ಚಾದರೆ ಖಾಲಿ ಮನೆಯ ಮಾಲೀಕರೂ ₹800 ಕೊಡಬೇಕು. ಬೋರ್ ಎಲ್ಲರದ್ದೂ ಅಲ್ವಾ?

ಜಗಳ ಜಾಸ್ತಿ ಆಗುವುದು ಟ್ಯಾಂಕರ್ ಲೆಕ್ಕದಲ್ಲಿ. ಮೋಟರ್ ನಿಲ್ಲಿಸಿ, ನೀರು ಬಿಡುವ ಮೊದಲು ಮತ್ತು ಆಮೇಲೆ ಸಂಪಿನ ಮಟ್ಟ ಬರೆದಿಡಿ. 2 ಮೀಟರ್ ಉದ್ದ, 2 ಮೀಟರ್ ಅಗಲದ ಸಂಪಿಗೆ 5,000 ಲೀಟರ್ ಬಿದ್ದರೆ ಮಟ್ಟ 125 ಸೆಂಟಿಮೀಟರ್ ಏರಬೇಕು. 100 ಮಾತ್ರ ಏರಿದರೆ ಬಂದಿದ್ದು 4,000 ಲೀಟರ್. ಅಷ್ಟಕ್ಕೇ ದುಡ್ಡು ಕೊಡಿ.