ಆಣೆ ಹಾಕಿಸಿಕೊಂಡ ಅಜ್ಜಿ

ಪ್ರಶ್ನೆ: ನಾನು ತುಮಕೂರಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ರಜೆಗೆ ಊರಿಗೆ ಹೋದಾಗ ಅಜ್ಜಿ ಸಾರಿಗೆ ನೀರು ಬೆರೆಸಿಕೊಂಡು, ಒಂದೇ ಪಕ್ಕದಲ್ಲಿ ಮುದ್ದೆ ನುಂಗುತ್ತಿದ್ದುದು ಕಂಡಿತು. ಬಲವಂತ ಮಾಡಿ ಬಾಯಿ ತೆರೆಸಿದೆ. ಎಡಗೆನ್ನೆಯ ಒಳಗೆ, ಎಲೆ ಅಡಿಕೆ, ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಜಾಗದಲ್ಲೇ ಒಂದು ರೂಪಾಯಿ ನಾಣ್ಯದಷ್ಟು ಹುಣ್ಣು. ಯುಗಾದಿಗೆ ಮುಂಚೆ ಕಡಲೆಕಾಳಿನಷ್ಟಿತ್ತಂತೆ, ಈಗ ದೀಪಾವಳಿ ಹತ್ತಿರ ಬಂತು. ಯಾರಿಗೂ ಹೇಳಕೂಡದು ಅಂತ ಆಣೆ ಹಾಕಿಸಿಕೊಂಡಿದ್ದಾರೆ. "ಕತ್ತಿ ತಾಗಿಸಿಕೊಂಡೋರು ಯಾರು ಉಳಿದ್ರು?" ಅಂತಾರೆ. ಅಪ್ಪನಿಗೆ ಹೇಳಿದರೆ ಅಜ್ಜಿ ಇನ್ನು ಯಾವತ್ತೂ ನನ್ನನ್ನು ನಂಬುವುದಿಲ್ಲ. ಏನು ಮಾಡಲಿ?

ಉತ್ತರ: ಅಪ್ಪನಿಗೆ ಹೇಳಿ, ಈ ವಾರವೇ ಹೇಳಿ. ಆದರೆ ಅಜ್ಜಿಯ ಬೆನ್ನ ಹಿಂದೆ ಹೇಳಬೇಡಿ. "ಅಜ್ಜಿ, ಈ ಆಣೆ ಉಳಿಸ್ಕೊಳೋಕೆ ನನ್ ಕೈಲಿ ಆಗಲ್ಲ. ಇವತ್ತು ರಾತ್ರಿ ಅಪ್ಪಂಗೆ ಹೇಳ್ತೀನಿ, ನೀನೂ ಜೊತೇಲೇ ಕೂತಿರು" ಅಂತ ಮೊದಲು ಅವರಿಗೇ ತಿಳಿಸಿ. ಅಜ್ಜಿ ಒಂದೆರಡು ದಿನ ಮುನಿಸಿಕೊಂಡಾರು. ಕದ್ದು ಹೇಳಿದಿರಿ ಎಂಬ ನೋವು ಮಾತ್ರ ಅವರಿಗೆ ಇರುವುದಿಲ್ಲ.

ಇಷ್ಟು ಅವಸರ ಯಾಕೆ ಅಂದರೆ, ಹಲ್ಲು ಕಚ್ಚಿಯೋ ಬಿಸಿ ತಾಗಿಯೋ ಆದ ಬಾಯಿಹುಣ್ಣು ಎರಡು ವಾರದೊಳಗೆ ಮಾಯಬೇಕು. ಮೂರು ವಾರ ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು. ನಿಮ್ಮ ಅಜ್ಜಿಯದು ತಿಂಗಳುಗಟ್ಟಲೆ ಬೆಳೆದಿದೆ, ಅದೂ ಹೊಗೆಸೊಪ್ಪು ಕೂರುವ ಕಡೆಯೇ. ಇದು ಕ್ಯಾನ್ಸರೇ ಎಂದು ಪತ್ರ ಓದಿ ಯಾರೂ ಹೇಳಲಾರರು. ಮುರಿದ ಹಲ್ಲಿನ ಚೂಪು ತುದಿ ದಿನವೂ ಉಜ್ಜಿದರೂ ಹುಣ್ಣು ಮಾಯದೆ ಉಳಿಯುತ್ತದೆ. ಯಾವುದು ಎಂದು ತಿಳಿಯಲು ಪರೀಕ್ಷೆಯೊಂದೇ ದಾರಿ. "ಅಷ್ಟೇನೂ ನೋವಿಲ್ಲ" ಎಂದು ಅಜ್ಜಿ ಹೇಳಿದರೆ ಸಮಾಧಾನ ಪಡಬೇಡಿ. ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ, ಮನೆಯವರು ಮೋಸ ಹೋಗುವುದು ಇಲ್ಲಿಯೇ. ಹುಣ್ಣಿನ ಅಂಚು ಬೆರಳಿಗೆ ಗಟ್ಟಿಯಾಗಿ ಸಿಗುವುದು, ತಾಗಿದರೆ ರಕ್ತ ಬರುವುದು, ಮೂರು ಬೆರಳು ಹಿಡಿಯುವಷ್ಟು ಬಾಯಿ ತೆರೆಯಲಾಗದಿರುವುದು, ದವಡೆಯ ಕೆಳಗೆ ಗಂಟು ಕಾಣುವುದು, ಇವುಗಳಲ್ಲಿ ಒಂದಿದ್ದರೂ ಒಂದು ದಿನವನ್ನೂ ಕಳೆಯಬೇಡಿ. ಇವು ಯಾವುವೂ ಇಲ್ಲದಿದ್ದರೂ ಹೋಗಲೇಬೇಕು. ಮೆಡಿಕಲ್ ಶಾಪಿನ ಬಿ-ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಜೆಲ್, ಅರಿಶಿನ, ಲವಂಗದೆಣ್ಣೆ ಅಂತ ಇನ್ನೊಂದು ತಿಂಗಳು ಕಳೆಯುವುದು ಬೇಡ.

ಇನ್ನು ಅಜ್ಜಿಯ ಭಯದ ವಿಚಾರ. "ಹೆದರಬೇಡ" ಅನ್ನುವ ಮಾತು ಹೆದರಿದವರ ಒಳಗೆ ಇಳಿಯುವುದಿಲ್ಲ. ಯಾವುದರ ಭಯ ಎಂದು ಕೇಳಿ, ಕೇಳಿ ಸುಮ್ಮನೆ ಕೂತಿರಿ. ಹಾಸನದ ಕಡೆಯ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಆಪ್ತ ಸಲಹೆಗೆ ನನ್ನ ಬಳಿ ಬಂದಿದ್ದರು. ಅವರು ಲೋಟ, ತಟ್ಟೆ ಬೇರೆ ಇಟ್ಟುಕೊಂಡಿದ್ದರು. ಮರಿಮಗನಿಗೆ ತುತ್ತು ಕೊಡುವುದನ್ನು ಬಿಟ್ಟಿದ್ದರು, ಮುತ್ತಿಡಲು ಬಂದರೆ ಮುಖ ತಿರುಗಿಸುತ್ತಿದ್ದರು. ಸೊಸೆಯ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೋರಿಸುತ್ತಿದ್ದಾರೆ ಎಂದು ಮನೆಯವರೆಲ್ಲ ತಿಳಿದಿದ್ದರು. ದಿಂಬಿನ ಮೇಲೆ ರಕ್ತದ ಕಲೆ ಕಂಡವಳು ಮೊಮ್ಮಗಳು. ನೋವಿನ ಭಯವೋ, ಸಾವಿನ ಭಯವೋ ಎಂದು ಅವಳು ಕೇಳಿದ್ದಕ್ಕೆ ಅಜ್ಜಿ ಕೊನೆಗೆ ಹೇಳಿದ್ದು ಒಂದೇ ಮಾತು: "ಮಗೀಗೆ ಅಂಟ್ಕೊಂಡ್ರೆ ಏನ್ ಮಾಡ್ಲವ್ವ?" ಒಂದೇ ತಟ್ಟೆಯಲ್ಲಿ ಉಂಡರೂ, ಮುತ್ತಿಟ್ಟರೂ ಈ ಕಾಯಿಲೆ ಅಂಟುವುದಿಲ್ಲ ಎಂದು ಡಾಕ್ಟರ ಬಾಯಿಂದಲೇ ಕೇಳಿದ ಮೇಲೆ ಅವರು ಪರೀಕ್ಷೆಗೆ ಒಪ್ಪಿದರು. ಬಂದ ಉತ್ತರ ಕ್ಯಾನ್ಸರ್ ಎಂದೇ. ಆದರೆ ಅದು ಕೆನ್ನೆ ದಾಟಿ ಕುತ್ತಿಗೆಗೆ ಇಳಿದಿರಲಿಲ್ಲ, ಆಪರೇಷನ್ ಸಾಕಾಯಿತು. ಬಾಯಿ ಈಗ ಮುಂಚಿನಷ್ಟು ಅಗಲ ತೆರೆಯುವುದಿಲ್ಲ, ಖಾರ ತಡೆಯುವುದಿಲ್ಲ. ಮೊಸರನ್ನ ಕಲಸಿ ಮರಿಮಗನಿಗೆ ತಾವೇ ತಿನ್ನಿಸುತ್ತಾರೆ.

ನಿಮ್ಮ ಅಜ್ಜಿಯ ಭಯ ಕತ್ತಿಯದು. ಇದು ನಮ್ಮ ಊರುಗಳಲ್ಲಿ ಆಳವಾಗಿ ಕೂತ ನಂಬಿಕೆ, ಅದಕ್ಕೊಂದು ಕಾರಣವೂ ಇದೆ. ಕಾಯಿಲೆ ಬಲಿತ ಮೇಲೆಯೇ ಜನ ಆಸ್ಪತ್ರೆಗೆ ಹೋಗುತ್ತಾರೆ, ಪರೀಕ್ಷೆಯಾದ ಸ್ವಲ್ಪ ದಿನಕ್ಕೇ ತೀರಿಕೊಳ್ಳುತ್ತಾರೆ. ನೋಡಿದವರಿಗೆ ಕತ್ತಿಯೇ ಕೊಂದಂತೆ ಕಾಣುತ್ತದೆ. ಹುಣ್ಣಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ಅಲ್ಲಿ ನಡೆಯುವುದನ್ನು ಇದ್ದ ಹಾಗೆ ಅಜ್ಜಿಗೆ ಹೇಳಿ. ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟಿಸುವ ಇಂಜೆಕ್ಷನ್ ಒಂದು. ಅದು ಚುಚ್ಚುವಾಗ ನೋವಾಗುತ್ತದೆ, ಆಮೇಲೆ ಗೊತ್ತಾಗುವುದಿಲ್ಲ. ಹುಣ್ಣಿನ ಅಂಚಿನಿಂದ ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರು ತೆಗೆಯುತ್ತಾರೆ, ಬೇಕಾದರೆ ಒಂದೆರಡು ಹೊಲಿಗೆ ಹಾಕುತ್ತಾರೆ. ಹತ್ತಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದು ಅದೇ ದಿನ ಮನೆಗೆ ಬರಬಹುದು. ರಿಪೋರ್ಟ್ ಬರಲು ಸುಮಾರು ಒಂದು ವಾರ ಬೇಕು. ಸಕ್ಕರೆ ಕಾಯಿಲೆಗೋ ರಕ್ತ ತೆಳುವಾಗಲೋ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ.

ಮೊದಲು ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ತೋರಿಸಬಹುದು, ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಹೋದರೂ ಸರಿ. ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗೆ ಕಳಿಸಿಕೊಡುತ್ತಾರೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದೊಡ್ಡ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ, ಅದನ್ನು ಅಲ್ಲೇ ಬರೆಸಿಕೊಳ್ಳಿ. ಖರ್ಚಿನ ಯೋಚನೆಯೂ ಅಜ್ಜಿಯ ಬಾಯಿ ಕಟ್ಟಿರಬಹುದು, ಆದ್ದರಿಂದ ಈ ಯೋಜನೆಯ ವಿಚಾರ ಅವರ ಕಿವಿಗೂ ಬೀಳಲಿ.

ಎಲೆ ಅಡಿಕೆ ಇವತ್ತೇ ನಿಲ್ಲಬೇಕು. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರಾಯಿತು ಎಂದುಕೊಳ್ಳಬೇಡಿ, ಅಡಿಕೆಯೂ ಕ್ಯಾನ್ಸರ್ ತರುತ್ತದೆ. ಆದರೆ ದಯವಿಟ್ಟು "ಆಗಲೇ ಹೇಳಿದ್ವಿ, ಕೇಳಿದ್ಯಾ?" ಅಂತ ಮನೆಯಲ್ಲಿ ಯಾರೂ ಬೈಯದಂತೆ ನೋಡಿಕೊಳ್ಳಿ. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ, ಹೆದರಿದ ಗಂಡಸರು ರೇಗುವುದು ಜಾಸ್ತಿ. ಬೈಸಿಕೊಂಡ ಅಜ್ಜಿ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ ಎಂಬುದನ್ನು ಡಾಕ್ಟರಿಗೆ ಸರಿಯಾಗಿ ಹೇಳುವುದಿಲ್ಲ.

ರಿಪೋರ್ಟ್ ಬಂದಾಗ ಅಜ್ಜಿಯನ್ನು ಹೊರಗೆ ಕೂರಿಸಿ ಮಗನಿಗಷ್ಟೇ ಹೇಳುವುದು ನಮ್ಮಲ್ಲಿ ವಾಡಿಕೆ. ನನಗದು ಒಪ್ಪಿಗೆಯಿಲ್ಲ. ಮುಚ್ಚಿಟ್ಟರೆ ಅಜ್ಜಿ ತಾವೇ ಊಹಿಸಿಕೊಳ್ಳುತ್ತಾರೆ, ಊಹೆ ಸತ್ಯಕ್ಕಿಂತ ಭೀಕರವಾಗಿರುತ್ತದೆ. "ನಿಂಗೆ ಎಷ್ಟು ಹೇಳ್ಬೇಕು ಅಜ್ಜಿ? ಎಲ್ಲಾನೂ ಹೇಳ್ಲಾ, ಮುಂದೇನು ಮಾಡ್ಬೇಕು ಅನ್ನೋದಷ್ಟೇ ಸಾಕಾ?" ಅಂತ ಹೋಗುವ ಮುಂಚೆಯೇ ಕೇಳಿಟ್ಟುಕೊಳ್ಳಿ, ಅವರು ಹೇಳಿದಷ್ಟನ್ನು ಡಾಕ್ಟರಿಗೆ ತಿಳಿಸಿ. ಕ್ಯಾನ್ಸರ್ ಎಂದಾದರೆ ಸಾಮಾನ್ಯವಾಗಿ ಮೊದಲು ಆಪರೇಷನ್, ಅಗತ್ಯ ಬಿದ್ದರೆ ಆರು ವಾರದ ಆಸುಪಾಸು ರೇಡಿಯೇಷನ್. ವಯಸ್ಸಾಗಿದೆ ಅನ್ನುವುದೊಂದೇ ಕಾರಣಕ್ಕೆ ಇದು ಬೇಡ ಎಂದು ನೆಂಟರು ತೀರ್ಮಾನಿಸಬಾರದು. ಎದೆ, ಉಸಿರು, ಸಕ್ಕರೆ ಹೇಗಿದೆ ಎಂದು ನೋಡಿ ಡಾಕ್ಟರು ಹೇಳಲಿ, ಆಮೇಲೆ ಅಜ್ಜಿ ತಾವೇ ಒಪ್ಪಲಿ ಅಥವಾ ಬೇಡವೆನ್ನಲಿ.

ಕಾಲೇಜಿಗೆ ಒಂದೆರಡು ದಿನ ರಜೆ ಹಾಕಿ, ಮೊದಲ ದಿನ ನೀವೂ ಜೊತೆಗೆ ಹೋಗಿ.